ಅಂಗೈಯಗಲದ ದರಪಟ್ಟಿ

‘ಮುಕ್ಕಾಲು ಇಂಚಿನ ಎಲ್ಬೋ ಎಷ್ಟು?’ ಎಂಬ ಒಂದೇ ಪ್ರಶ್ನೆಗೆ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಉತ್ತರ ಬರೆದು ಬೇಸತ್ತ ಪೈಪು, ನಲ್ಲಿಗಳ ಅಂಗಡಿಯವರು ಕಡೆಗೊಮ್ಮೆ ದರಪಟ್ಟಿಯ ಪಿಡಿಎಫ್ ಮಾಡಿಬಿಡೋಣವೆಂದು ಕೂರುತ್ತಾರೆ. ಕುಳಿತವರ ಮನಸ್ಸಿನಲ್ಲಿರುವುದು ಗೋಡೆಗೆ ಅಂಟಿಸುವ ಕಾಗದ. ಓದುವವರ ಕೈಯಲ್ಲಿರುವುದು ಫೋನು. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ತೊಂದರೆ ಹುಟ್ಟುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಗೂಗಲ್ ಶೀಟ್ಸ್ ತೆರೆದರೆ ಖಾಲಿ ಅಂಕಣಗಳು ಆಸೆ ಹುಟ್ಟಿಸುತ್ತವೆ. ಕ್ರಮಸಂಖ್ಯೆ, ಕಂಪನಿ, ವಸ್ತು, ಅಳತೆ, ಬಣ್ಣ, ದರ, ಷರಾ ಎಂದು ಏಳು ಅಂಕಣಗಳು ತುಂಬಿಕೊಳ್ಳುತ್ತವೆ. ಕೊಳ್ಳುವವರಿಗೆ ಬೇಕಾದದ್ದು ನಾಲ್ಕೇ: ವಸ್ತು, ಅಳತೆ, ಎಷ್ಟಕ್ಕೆ, ದರ. ಇವುಗಳಲ್ಲಿ ಜನ ಮರೆಯುವುದು ಮೂರನೆಯದನ್ನು. ಪೈಪಿನ ದರ ಮೀಟರಿಗೋ ಇಡೀ ಉದ್ದಕ್ಕೋ, ಎಲ್ಬೋ ದರ ಒಂದಕ್ಕೋ ಡಜನ್ನಿಗೋ ಎಂಬುದು ಬರೆದಿರದಿದ್ದರೆ, ಪಟ್ಟಿ ತಲುಪಿದ ಮರುಕ್ಷಣವೇ ಫೋನು ಬಡಿದುಕೊಳ್ಳುತ್ತದೆ; ಉಳಿಯಬೇಕಿದ್ದ ಶ್ರಮ ಇಮ್ಮಡಿಯಾಗುತ್ತದೆ.

ಇನ್ನು ಪುಟದ ಅಳತೆ. ಪಿಡಿಎಫ್ ಸಾಮಾನ್ಯವಾಗಿ ಎ4 ಪುಟದಲ್ಲಿರುತ್ತದೆ, ನಿಲುವಾಗಿಟ್ಟರೂ 210 ಮಿ.ಮೀ. ಅಗಲ. ಫೋನಿನ ಪರದೆಯ ಅಗಲ ಸುಮಾರು 70 ಮಿ.ಮೀ. ಪುಟ ಮೂರರಲ್ಲಿ ಒಂದಕ್ಕೆ ಕುಗ್ಗಿದಾಗ 12 ಪಾಯಿಂಟಿನ ಅಕ್ಷರ 4 ಪಾಯಿಂಟಿನದಾಗಿ ಕಾಣುತ್ತದೆ. ಒತ್ತಕ್ಷರಗಳ ಪಾಡನ್ನಂತೂ ಕೇಳುವುದೇ ಬೇಡ. ಓದುವವರು ಎರಡು ಬೆರಳಿನಿಂದ ಹಿಗ್ಗಿಸುತ್ತಾರೆ. ಆಗ ಎಡಗಡೆಯ ಎಲ್ಬೋ ಕಂಡರೆ ಬಲಗಡೆಯ ದರ ಕಾಣದು, ದರದ ಕಡೆಗೆ ಸರಿಸುವಷ್ಟರಲ್ಲಿ ಸಾಲು ತಪ್ಪಿ ಎಲ್ಬೋಗೆ ಮೂರು ಬಾಯಿಯ ಟೀ ಜೋಡಣೆಯ ದರ ಅಂಟಿಕೊಳ್ಳುತ್ತದೆ. ಅದರ ಬದಲು ಕಂಪ್ಯೂಟರಿನಲ್ಲಿ File, Download, PDF ಎಂದು ಒತ್ತಿ, ಕಾಗದದ ಅಳತೆಯಲ್ಲಿ Custom size ಆಯ್ದು, 10.5 ಸೆಂ.ಮೀ. ಅಗಲ, 14.8 ಸೆಂ.ಮೀ. ಎತ್ತರ ಕೊಟ್ಟರೆ, ಅದೇ ಅಕ್ಷರ 8 ಪಾಯಿಂಟಿನಷ್ಟು ಕಾಣುತ್ತದೆ. ಪುಟಗಳು ಹೆಚ್ಚುತ್ತವೆ, ನಿಜ. ಆದರೆ ಹೆಬ್ಬೆರಳಿಗೆ ಮೇಲಕ್ಕೆ ಸರಿಸುವುದು ಅಭ್ಯಾಸವಾಗಿದೆ, ಅಡ್ಡಡ್ಡ ಸರಿಸುವುದು ಆಗಿಲ್ಲ.

ಇಲ್ಲೊಂದು ಮೋಸದ ಗುಂಡಿಯಿದೆ. ಅಂಕಣಗಳು ಅಗಲವಾಗಿದ್ದರೆ ದರದ ಅಂಕಣವೊಂದೇ ಮುಂದಿನ ಪುಟಕ್ಕೆ ಹಾರಿರುವುದು ಮುನ್ನೋಟದಲ್ಲಿ ಕಾಣುತ್ತದೆ. ಗಾಬರಿಯಲ್ಲಿ Fit to width ಒತ್ತಿದರೆ ಎಲ್ಲವೂ ಒಂದೇ ಪುಟದೊಳಗೆ ಬಂದು ಕೂರುತ್ತದೆ, ಆದರೆ ಅಕ್ಷರಗಳು ಪುನಃ ಕುಗ್ಗಿ. ಅಲ್ಲಿಗೆ ಚಿಕ್ಕ ಪುಟ ಮಾಡಿದ್ದೇ ವ್ಯರ್ಥ. Scale ಅನ್ನು Normal (100%) ನಲ್ಲಿ ಇಟ್ಟು, ಹಿಂದಕ್ಕೆ ಹೋಗಿ ಅಂಕಣವನ್ನೇ ಕಿರಿದು ಮಾಡಬೇಕು, ಉದ್ದದ ಹೆಸರನ್ನು ಎರಡು ಸಾಲಿಗೆ ಮಡಚಬೇಕು.

ಅಂಗಡಿಯವರು ತಮ್ಮ ಲೆಕ್ಕಕ್ಕೆಂದು ಬರೆದಿಟ್ಟ, ತಾವು ಸರಕು ಕೊಂಡ ದರದ ಅಂಕಣವೂ ಇದೇ ಹಾಳೆಯಲ್ಲಿರುತ್ತದೆ. ಅದನ್ನು ಮರೆಮಾಡಲು ಅಕ್ಷರಕ್ಕೆ ಬಿಳಿ ಬಣ್ಣ ಕೊಡುವ ಜಾಣರಿದ್ದಾರೆ. ಕಣ್ಣಿಗೆ ಕಾಣದಿದ್ದರೂ ಆ ಅಂಕಿಗಳು ಪಿಡಿಎಫ್‌ನೊಳಗೆ ಹಾಗೆಯೇ ಇರುತ್ತವೆ. ಯಾರಾದರೂ ಪುಟದ ಬರಹವನ್ನೆಲ್ಲ ಆಯ್ದು ಬೇರೆ ಕಡೆ ಅಂಟಿಸಿದರೆ ಲಾಭದ ಲೆಕ್ಕ ಬೀದಿಗೆ ಬೀಳುತ್ತದೆ. ಅಂಕಣವನ್ನು ಪೂರ್ತಿ ಅಳಿಸಿದ ಒಂದು ಪ್ರತಿಯನ್ನು ಬೇರೆ ಮಾಡಿಕೊಂಡರೆ ನಿಶ್ಚಿಂತೆ.

ಕೊನೆಯದು ದಿನಾಂಕ. ಅದನ್ನು ಮೊದಲ ಪುಟದ ನೆತ್ತಿಯಲ್ಲಿ ಮಾತ್ರ ಬರೆಯುವುದು ರೂಢಿ. ಆದರೆ ಪಟ್ಟಿ ಇಡಿಯಾಗಿ ಓಡಾಡುವುದಿಲ್ಲ. ಮೂರನೆಯ ಪುಟದ ಸ್ಕ್ರೀನ್‌ಶಾಟ್ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಆದ್ದರಿಂದ ಹಾಳೆಯ ಮೊದಲ ಸಾಲಿನಲ್ಲಿ ಅಂಗಡಿಯ ಹೆಸರು ಮತ್ತು ‘ಈ ದರ ಇಂಥ ದಿನದವರೆಗೆ’ ಎಂಬ ಮಾತು, ಎರಡನೆಯದರಲ್ಲಿ ಅಂಕಣಗಳ ಹೆಸರು ಬರೆದು, View ಪಟ್ಟಿಯ Freeze ನಲ್ಲಿ ಎರಡೂ ಸಾಲನ್ನು ಕಟ್ಟಿಹಾಕಿ, ಪಿಡಿಎಫ್ ಮಾಡುವಾಗ Repeat frozen rows ಗುರುತು ಹಾಕಿದರೆ, ಅವೆರಡೂ ಪ್ರತಿ ಪುಟದ ನೆತ್ತಿಯಲ್ಲಿ ಬರುತ್ತವೆ.

ಕಡತದ ಹೆಸರಲ್ಲೂ ದಿನಾಂಕ ಇರಲಿ, ವರ್ಷ ಮೊದಲಾಗಿ: `dara-patti-2025-06-01.pdf`. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಒತ್ತಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ತಲುಪುತ್ತದೆ, ಹೆಸರೂ ಕಾಣುತ್ತದೆ. ಕಳಿಸಿದ ಒಂದೆರಡು ದಿನದಲ್ಲೇ ದರ ಏರಿದರೆ ಹಳೆಯದನ್ನು ‘ಎಲ್ಲರಿಗೂ ಅಳಿಸು’ ಎಂದು ಒತ್ತಿ ನೆಮ್ಮದಿಪಡುವವರುಂಟು. ಅಷ್ಟರಲ್ಲಿ ಬೇರೆಯವರಿಗೆ ದಾಟಿಹೋದ ಪ್ರತಿಗಳನ್ನು ಆ ಗುಂಡಿ ಮುಟ್ಟುವುದೇ ಇಲ್ಲ. ಹಾಗೆ ದಾಟಿದ ಪುಟವನ್ನು ಹಿಡಿದು ಯಾರಾದರೂ ಚೌಕಾಸಿಗೆ ನಿಂತರೆ, ವಾದ ಬೇಡ. ನೆತ್ತಿಯ ಸಾಲನ್ನು ತೋರಿಸಿ ಹೊಸ ಪಟ್ಟಿಯನ್ನು ಅವರ ಫೋನಿಗೇ ಕಳಿಸಿದರೆ ಸಾಕು.