ಅಫುವಾಳ ಅಡ್ಡಹೆಸರು

ಕಥೆ ಬರೆಯುವವನ ಪಕ್ಕದಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದವರು ಕೂರಲೇಬಾರದು. ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾ ಕೂತೇ ಕೂರುತ್ತಾರೆ. ಕ್ರಿ.ಶ. 3100ರ ಅಂತರಿಕ್ಷ ವಸಾಹತಿನ ಕಥೆಯ ಮೊದಲ ಹಾಳೆಯನ್ನು ಇಂದು ಬೆಳಿಗ್ಗೆ ಎತ್ತಿಕೊಂಡು, ನಾಯಕಿಯ ಮೇಲೆ ಬೆರಳಿಟ್ಟು ಕೇಳಿದರು: ‘ಈಕೆಯ ಅಡ್ಡಹೆಸರೇನು?’

ನಾಯಕಿ ಅಫುವಾ. ಘಾನಾದ ಅಕಾನ್ ಜನ ಹುಟ್ಟಿದ ವಾರ ನೋಡಿ ಹೆಸರಿಡುತ್ತಾರೆ. ಶುಕ್ರವಾರದ ಹುಡುಗಿ ಅಫುವಾ, ಹುಡುಗ ಕೋಫಿ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಕಾಕಾ ತಲೆಯಾಡಿಸಿದರು. ‘ನಿನ್ನ ಗ್ರಹದಲ್ಲಿ ದಿನಕ್ಕೆ ಎಷ್ಟು ತಾಸು?’

‘ಮೂವತ್ತೊಂದು.’

‘ಹಾಗಾದರೆ ಯಾರ ಶುಕ್ರವಾರ? ನಮ್ಮದೋ, ಅವರದೋ?’

ನಾನು ಚಹಾ ಕುಡಿದೆ.

ಅಫುವಾಳ ತಂದೆ ಬಸವರಾಜ. ಐಸ್‌ಲ್ಯಾಂಡಿನಲ್ಲಿ ತಂದೆಯ ಹೆಸರಿಗೆ ಮಗನಾದರೆ ‘ಸೊನ್’, ಮಗಳಾದರೆ ‘ದೊತ್ತಿರ್’ ಸೇರುತ್ತದೆ. ಬಹುತೇಕರಿಗೆ ಮನೆತನದ ಹೆಸರೇ ಇಲ್ಲ. ಆದ್ದರಿಂದ ಈಕೆ ‘ಅಫುವಾ ಬಸವರಾಜ್ಸ್‌ದೊತ್ತಿರ್’. ಇದನ್ನು ಕಾಕಾ ಎರಡು ಸಲ ಗಟ್ಟಿಯಾಗಿ ಓದಿದರು. ಎರಡನೆಯ ಸಲ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿದರು.

‘ಮಗ ಬಸವರಾಜ್ಸ್‌ಸೊನ್, ಅಪ್ಪ ಇನ್ನಾರದೋ ಸೊನ್, ಅವ್ವ ಮತ್ತಾರದೋ ದೊತ್ತಿರ್. ಒಂದೇ ಮನೆ, ನಾಲ್ಕು ಬಾಲ. ಪತ್ರ ಯಾರಿಗೆ ಮುಟ್ಟಿಸಬೇಕು?’

ಆ ಕಾಲದಲ್ಲಿ ಪತ್ರವೇ ಇರುವುದಿಲ್ಲ ಎಂದು ಹೇಳಿ ನೋಡಿದೆ. ಕಾಕಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ವಾದ ಸರಳ. ನಮ್ಮ ಭಾಗದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಡ್ಡಹೆಸರುಗಳಿವೆ. ಹಿರಿಯರು ಏನು ಮಾರಿದರೋ, ಏನು ಬೆಳೆದರೋ, ಅದು ಮೊಮ್ಮಕ್ಕಳಿಗೂ ಅಂಟಿಕೊಂಡಿದೆ. ವಸಾಹತಿನಲ್ಲಿ ಆಮ್ಲಜನಕದ ಘಟಕ ನಡೆಸುವ ಮನೆತನಕ್ಕೆ ಜನ ಏನೆನ್ನುತ್ತಾರೆ? ‘ಗಾಳಿ’. ಮುಗಿಯಿತು: ಅಫುವಾ ಬಸವರಾಜ ಗಾಳಿ. ತಂದೆಯ ಹೆಸರು ನಡುವೆ ಇದ್ದೇ ಇದೆ, ದೊತ್ತಿರ್ ಯಾತಕ್ಕೆ?

ಉರಿದುಹೋಯಿತು. ಮೂರು ಖಂಡ ಸುತ್ತಿ ಕಟ್ಟಿದ ಹೆಸರು ಬಾಗಲಕೋಟೆಯ ಲಗ್ನಪತ್ರಿಕೆಯಲ್ಲಿ ಬಂದು ಕೂತಿತ್ತು. ಅದಕ್ಕಿಂತ ಉರಿಸಿದ್ದೆಂದರೆ, ಹೆಸರು ಕಿವಿಗೆ ಸರಿಯಾಗಿಯೇ ಕೇಳುತ್ತಿತ್ತು. ಉಚ್ಚಾರಗಳನ್ನು ಬೆಸೆದರೆ ಔಷಧಿಯ ಹೆಸರಾಗುತ್ತದೆ; ಹೆಸರಿಡುವ ಕಟ್ಟಳೆಗಳನ್ನು ಬೆಸೆದರೆ ಆ ಊರಿನಲ್ಲಿ ಏನೇನು ನಡೆಯುತ್ತದೆ ಎಂಬುದೂ ತಿಳಿಯುತ್ತದೆ.

‘ಊರು ಹೋದರೂ ಹೆಸರು ಇರುತ್ತದೆ’ ಎಂದರು ಕಾಕಾ, ಸ್ವಲ್ಪ ತಡೆದು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಿಗೆ ಅವರು ಬಹಳ ವರ್ಷ ಟಪಾಲು ಹಂಚಿದವರು. ಆ ಹಳ್ಳಿಗಳನ್ನೇ ಅಡ್ಡಹೆಸರಾಗಿ ಹೊತ್ತವರು ಈಗ ಇಲ್ಲಿನ ಸೆಕ್ಟರ್‌ಗಳಲ್ಲಿದ್ದಾರೆ. ನಾನು ಎದುರು ಮಾತಾಡಲಿಲ್ಲ.

ಅಷ್ಟರಲ್ಲಿ ಕಾಕಾ ಖಳನಾಯಕನ ಹತ್ತಿರ ಬಂದಿದ್ದರು: ನ್ಗುಯೆನ್ ವಾನ್ ಮಿನ್. ವಿಯೆಟ್ನಾಮಿನವರು ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ ಎಂದು ಬಾಯಿ ಬಿಟ್ಟೆ.

‘ಮೊದಲೇ ಬರೆಯುತ್ತಾರೆಯೇ? ಶಾಣ್ಯಾ ಜನ’ ಎಂದು ನನ್ನ ಪೆನ್ನು ಕಸಿದುಕೊಂಡರು. ಈಗ ಹಾಳೆಯ ಮೇಲಿರುವವಳು ‘ಗಾಳಿ ಅಫುವಾ ಬಸವರಾಜ’. ಅವಳ ಹಡಗು ಇನ್ನೂ ನೆಲ ಬಿಟ್ಟಿಲ್ಲ. ಚಾಲಕನ ಊರು ಯಾವುದೆಂದು ಕಾಕಾ ಕೇಳುತ್ತಿದ್ದಾರೆ.