ತಡವಾದರೆ ದಿನಕ್ಕೆ 2 ಅಂಕ ಕಡಿತ: ಸರಿಯೋ, ತಪ್ಪೋ?

ಕೊಪ್ಪಳ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನ ನಿಯಮ ಇದು. ಅಸೈನ್‌ಮೆಂಟ್‌ಗೆ 20 ಅಂಕ. ತಡವಾದ ಪ್ರತಿ ದಿನಕ್ಕೆ 2 ಅಂಕ ಕಟ್. ಎಷ್ಟೇ ತಡವಾದರೂ 10ಕ್ಕಿಂತ ಜಾಸ್ತಿ ಕಟ್ ಮಾಡುವಂತಿಲ್ಲ. ಅಂಕ ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ. ಅಲ್ಲೇ ಪಾಠ ಮಾಡುವ ಇಬ್ಬರು ಇದರ ಬಗ್ಗೆ ಬರೆದಿದ್ದಾರೆ.

ಪರ

ಮಿತಿ ಇಲ್ಲದಿದ್ದರೆ ಹತ್ತನೇ ದಿನಕ್ಕೆ ಇಪ್ಪತ್ತೂ ಅಂಕ ಖಾಲಿ. ಆಮೇಲೆ ಆ ಹುಡುಗ ಬರೆಯುವುದಾದರೂ ಯಾಕೆ? ಮಿತಿ ಇದ್ದರೆ 18 ಅಂಕದ ಕೆಲಸ ಮಾಡಿದವನಿಗೆ ಕೊನೆಗೂ 8 ಸಿಗುತ್ತದೆ. ಪೆಟ್ಟು ಬಿದ್ದಿದೆ, ಆದರೆ ಬಾಗಿಲು ಮುಚ್ಚಿಲ್ಲ.

ಸೊನ್ನೆಯ ತಡೆ ಇದಕ್ಕಿಂತಲೂ ಮುಖ್ಯ. ಒಬ್ಬ ಹುಡುಗಿ ಮೊದಲ ಎರಡು ಅಸೈನ್‌ಮೆಂಟ್‌ಗಳಲ್ಲಿ 15 ಮತ್ತು 12 ತಗೊಂಡಿದ್ದಾಳೆ ಅಂದುಕೊಳ್ಳಿ. ಮೂರನೆಯದನ್ನು ಐದು ದಿನ ತಡವಾಗಿ ಕೊಟ್ಟಳು, ಬಂದದ್ದು 9. ಅದರಲ್ಲಿ 10 ಕಳೆದರೆ ಮೈನಸ್ 1. ಅದನ್ನು ಹಾಗೇ ಕೂಡಿದರೆ ಒಟ್ಟು 26. ಕೊಡದೇ ಸುಮ್ನೆ ಇದ್ದಿದ್ದರೆ 27 ಇರುತ್ತಿತ್ತು! ಕೆಲಸ ಮಾಡಿದವಳಿಗೆ ಮಾಡದವಳಿಗಿಂತ ಕಡಿಮೆ ಸಿಗುವ ಲೆಕ್ಕ ಯಾವ ನ್ಯಾಯ? ಈ ಅಸೈನ್‌ಮೆಂಟ್‌ನ ತಡ ಹಿಂದಿನ ಎರಡರ ಅಂಕ ತಿನ್ನಬಾರದು.

ಎಕ್ಸೆಲ್‌ನಲ್ಲಿ ಹಾಕುವಾಗ ಮಾತ್ರ ಎಚ್ಚರ ಬೇಕು. ಬಂದ ಅಂಕ B2ರಲ್ಲಿ, ತಡವಾದ ದಿನ C2ರಲ್ಲಿ ಇದ್ದರೆ:

```
=MAX(0, B2-MIN(10, 2*MAX(0,C2)))
```

ಒಳಗಿನ `MAX(0,C2)` ಬಿಟ್ಟುಹೋಗುವುದೇ ಜಾಸ್ತಿ. ಕೊಟ್ಟ ತಾರೀಖಿನಿಂದ ಕೊನೇ ತಾರೀಖು ಕಳೆದು C2 ತೆಗೆದರೆ, ಎರಡು ದಿನ ಮೊದಲೇ ಕೊಟ್ಟವರಿಗೆ ಅಲ್ಲಿ -2 ಬರುತ್ತದೆ. ಮೈನಸ್ಸನ್ನು ಕಳೆದರೆ ಪ್ಲಸ್ ಆಯಿತಲ್ವಾ, 4 ಅಂಕ ಜಾಸ್ತಿ ಸಿಕ್ಕಿಬಿಡುತ್ತದೆ. ಪಟ್ಟಿಯಲ್ಲಿ 20ಕ್ಕೆ 22 ಕಂಡರೆ ತಪ್ಪು ಇಲ್ಲೇ ಇದೆ. 14 ಇದ್ದದ್ದು 18 ಆದರೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಮೊದಲೇ ಕೊಟ್ಟ ಒಬ್ಬರ ಸಾಲನ್ನು ಕೈಯಲ್ಲಿ ಲೆಕ್ಕ ಹಾಕಿ ನೋಡಬೇಕು.

ಈ ನಿಯಮವನ್ನು ಮೊದಲ ದಿನವೇ ಬೋರ್ಡ್ ಮೇಲೆ ಬರೆಯಬಹುದು. ಯಾರು ಬೇಕಾದರೂ ತಮ್ಮ ಅಂಕ ತಾವೇ ಲೆಕ್ಕ ಹಾಕಬಹುದು. ಮೇಷ್ಟ್ರ ಮರ್ಜಿ ಕಾಯಬೇಕಿಲ್ಲ.

ವಿರೋಧ

ಸೊನ್ನೆಗಿಂತ ಕೆಳಗೆ ಹೋಗಬಾರದು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಹುಡುಗಿಯನ್ನು ಇನ್ನೊಮ್ಮೆ ನೋಡಿ. ಬರೆದು ಕೊಟ್ಟಳು, ಸಿಕ್ಕಿದ್ದು ಸೊನ್ನೆ. ಬರೆಯದಿದ್ದರೂ ಸೊನ್ನೆಯೇ. ಅಷ್ಟೇ ತಡ ಮಾಡಿದ 18ರವನ ಹತ್ತಿರ 8 ಉಳಿದಿದೆ. ತಡ ಒಂದೇ, ಆದರೆ ಒಬ್ಬರಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಯಿತು, ಇನ್ನೊಬ್ಬರಿಗೆ ಪೂರ್ತಿ ಹೋಯಿತು. 10ರ ಮಿತಿ ಕಾಪಾಡುವುದು 10ಕ್ಕಿಂತ ಜಾಸ್ತಿ ತೆಗೆಯುವವರನ್ನು ಮಾತ್ರ.

ಕಡಿಮೆ ಅಂಕದವರು ಯಾರು ಅಂತ ನಮ್ಮ ಕಡೆ ಕೇಳಿ ತಿಳಿಯಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಶುರು. ಆಗ ಮನೆಯವರ ಜೊತೆ ಗದ್ದೆಗೆ ಇಳಿಯುವ ಮಕ್ಕಳು ಕ್ಲಾಸಿಗೂ ತಪ್ಪುತ್ತಾರೆ, ಅಸೈನ್‌ಮೆಂಟ್‌ಗೂ ತಡ ಮಾಡುತ್ತಾರೆ. ಪಾಠ ತಪ್ಪಿದ್ದಕ್ಕೆ ಅಂಕ ಮೊದಲೇ ಕಡಿಮೆ. ಅದರ ಮೇಲೆ ಈ ಕಡಿತ.

ಇನ್ನೊಂದು ತೊಂದರೆ ಐದನೇ ದಿನದ ಆಚೆಗಿದೆ. ಅಲ್ಲಿಗೆ 10 ಪೂರ್ತಿ ಕಟ್ ಆಯಿತು. ಆರನೇ ದಿನ ಕೊಟ್ಟರೂ ಅಷ್ಟೇ, ಮೂವತ್ತನೇ ದಿನ ಕೊಟ್ಟರೂ ಅಷ್ಟೇ. ಹಾಗಾದರೆ ನಾಳೆ ಯಾಕೆ ಕೊಡಬೇಕು? ಯಾವ ಕಾಲೇಜಿನಲ್ಲಾದರೂ ಅಸೈನ್‌ಮೆಂಟ್ ರಿಜಿಸ್ಟರ್ ತೆಗೆದು ನೋಡಿ. ಐದು ದಿನ ದಾಟಿದವರೆಲ್ಲ ಇಂಟರ್ನಲ್ ಅಂಕ ಕಳಿಸುವ ಹಿಂದಿನ ದಿನ ಒಟ್ಟಿಗೆ ಸಹಿ ಹಾಕಿದ್ದರೆ, ಮಿತಿಯೇ ಕಾರಣ ಅಂತ ತಿಳಿಯಿರಿ. ಅಷ್ಟರಲ್ಲಿ ಉತ್ತರಗಳನ್ನು ಕ್ಲಾಸಿನಲ್ಲಿ ಬಿಡಿಸಿಯೂ ಆಗಿರುತ್ತದೆ. ಅದನ್ನೇ ನೋಡಿ ಬರೆದದ್ದಕ್ಕೂ ನಾವು ಅಂಕ ಕೊಡುತ್ತಿದ್ದೇವೆ.

ಕಡಿತ ಬೇಡ ಅಂತ ನಾನು ಹೇಳುತ್ತಿಲ್ಲ. ಬಂದ ಅಂಕದಲ್ಲೇ ದಿನಕ್ಕೆ ಶೇ. 10 ಕಳೆಯೋಣ, ಜಾಸ್ತಿ ಅಂದರೆ ಶೇ. 50.

```
=B2*(1-MIN(0.5, 0.1*MAX(0,C2)))
```

ಐದು ದಿನಕ್ಕೆ 18 ಇದ್ದದ್ದು 9 ಆಗುತ್ತದೆ, 9 ಇದ್ದದ್ದು 4.5. ಇಬ್ಬರಿಗೂ ಅರ್ಧ ಉಳಿಯಿತು. ಅಂಕ ಮೈನಸ್‌ಗೆ ಇಳಿಯುವ ಮಾತೇ ಇಲ್ಲ, ಸೊನ್ನೆಗೆ ಬೇರೆ ತಡೆಯೂ ಬೇಕಿಲ್ಲ. ಇದರಲ್ಲೂ ಕೊರತೆ ಇದೆ. 4 ಅಂಕದವನಿಗೆ ಒಂದು ದಿನದ ತಡಕ್ಕೆ ಹೋಗುವುದು 0.4 ಮಾತ್ರ, ಅವನಿಗೆ ಅದು ತಾಗುವುದೇ ಇಲ್ಲ. ಆದರೂ ಬರೆದವಳಿಗೆ ಸೊನ್ನೆ ಕೊಡುವುದಕ್ಕಿಂತ ನಾನು ಇದನ್ನೇ ಒಪ್ಪುತ್ತೇನೆ. 4.5 ಅನ್ನು 5 ಮಾಡುವುದೋ ಬಿಡುವುದೋ ಎಂದು ಮೊದಲೇ ಬರೆದಿಡಬೇಕು. ಉತ್ತರ ಬಿಡಿಸುವ ದಿನವೇ ಕೊನೆಯ ಗಡುವು ಆಗಬೇಕು, ಆಮೇಲೆ ಬಂದದ್ದನ್ನು ತಗೊಳ್ಳಬಾರದು. ಆ ತಾರೀಖನ್ನು ಅಸೈನ್‌ಮೆಂಟ್ ಕೊಡುವ ದಿನವೇ ಹೇಳಬೇಕು.