ಚರ್ಚಿಸಿ

ಮಂತ್ರಿಗಳು ಕಡತದ ಮೇಲೆ ಬರೆಯುವುದರಲ್ಲಿ ನನಗೆ ಬಹಳ ಇಷ್ಟವಾದದ್ದು ‘ಚರ್ಚಿಸಿ’. ಮೂರೇ ಅಕ್ಷರ, ಕೆಳಗೊಂದು ಸಹಿ. ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಸಚಿವಾಲಯದಲ್ಲಿ ಮೂವತ್ತು ವರ್ಷ ಕೇಸ್ ವರ್ಕರ್ ಆಗಿ ಕಡತ ಹೊತ್ತವನು ನಾನು. ಈ ಮೂರು ಅಕ್ಷರ ಕಂಡ ಕೂಡಲೇ ನಮ್ಮ ಶಾಖೆಯಲ್ಲಿ ಎಲ್ಲರಿಗೂ ಒಂದು ವಿಷಯ ಗೊತ್ತಾಗುತ್ತಿತ್ತು. ಅಧಿಕಾರಿ ಏನೋ ನಿಜ ಬರೆದಿದ್ದಾರೆ.

ಒಂದು ಕಡತದ ಕಥೆ ಹೇಳುತ್ತೇನೆ. ಊರಿನ ಹೆಸರು, ಇಲಾಖೆಯ ಹೆಸರು ಕೇಳಬೇಡಿ. ನನಗೆ ಪಿಂಚಣಿ ಬರುತ್ತಿದೆ, ಬರುತ್ತಲೇ ಇರಲಿ ಅಂತ ಆಸೆ.

ಒಂದು ಹಳ್ಳ. ಅದರಾಚೆ ಮೂವತ್ತು ಮನೆಯ ಒಂದು ಊರು. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವ ಹಾಗಿಲ್ಲ, ಸೇತುವೆ ಬೇಕು. ತಾಲ್ಲೂಕಿನ ಇಂಜಿನಿಯರ್ ಸ್ಥಳಕ್ಕೆ ಹೋಗಿ ಬಂದರು. ಸುಮ್ನೆ ಹೋಗಿ ಬಂದದ್ದಲ್ಲ. ದಡದ ಹೊಂಗೆ ಮರದ ಕೊಂಬೆಯಲ್ಲಿ ಹುಲ್ಲು, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದ್ದನ್ನು ನೋಡಿ, ಹಿಂದಿನ ನೆರೆ ಅಲ್ಲಿಯವರೆಗೆ ಬಂದಿತ್ತು ಅಂತ ಟೇಪು ಹಿಡಿದು ಅಳೆದರು. ಊರಿನ ಇಬ್ಬರು ಮುದುಕರನ್ನು ಕೇಳಿ ಖಾತ್ರಿ ಮಾಡಿಕೊಂಡರು. ಹಳ್ಳಕ್ಕೆ ನೀರು ಹರಿದು ಬರುವ ಪ್ರದೇಶ ಸುಮಾರು 4 ಚದರ ಕಿಲೋಮೀಟರ್. ನಮ್ಮ ದಕ್ಷಿಣದವರು ಬಳಸುವ ರೈವ್ಸ್ ಸೂತ್ರ ಹಾಕಿ ಲೆಕ್ಕ ತೆಗೆದರೆ, ಜೋರು ಮಳೆಗೆ ಸೆಕೆಂಡಿಗೆ 25 ಘನ ಮೀಟರ್ ನೀರು. ಅಷ್ಟು ನೀರು ಹಾಯಲು ಎರಡು ಕಣ್ಣಿನ ಸೇತುವೆ ಬೇಕು. ಒಂದೊಂದು ಕಣ್ಣು 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಅಂದಾಜು ವೆಚ್ಚ 45 ಲಕ್ಷ.

ಮಂತ್ರಿಗಳಿಗೆ ಇದು ಹಿಡಿಸಲಿಲ್ಲ. ಅವರ ಕಷ್ಟವನ್ನೂ ಹೇಳಬೇಕಲ್ವಾ? ಅದೇ ಹಳ್ಳ ದಾಟಲು ಇನ್ನೂ ಎರಡು ಊರಿನವರು ಅರ್ಜಿ ಹಿಡಿದು ಮನೆ ಬಾಗಿಲಲ್ಲಿ ಕೂತಿದ್ದರು. ಇರುವುದು 45 ಲಕ್ಷ. ಅವರ ಲೆಕ್ಕ ಸರಳವಾಗಿತ್ತು. ಪ್ರತಿ ಊರಿಗೆ ಒಂದು ಮೀಟರ್ ವ್ಯಾಸದ ಮೂರು ಹ್ಯೂಮ್ ಪೈಪ್, ಮೇಲೆ ಮಣ್ಣು, ಅದರ ಮೇಲೆ ಕಾಂಕ್ರೀಟು. ತಲಾ 15 ಲಕ್ಷ. ಮೂರು ಊರು, ಮೂರು ಶಂಕುಸ್ಥಾಪನೆ, ಮೂರು ಹಾರ.

ಇಂಜಿನಿಯರ್ ಟಿಪ್ಪಣಿಯಲ್ಲಿ ಇದಕ್ಕೂ ಉತ್ತರ ಬರೆದಿದ್ದರು. ಒಂದು ಮೀಟರಿನ ಪೈಪಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಒಂದೂವರೆ ಘನ ಮೀಟರ್ ಹೋಗುತ್ತದೆ. ಮೂರು ಪೈಪಿಗೆ ಐದೂ ಇಲ್ಲ. ಬರುವುದು ಇಪ್ಪತ್ತೈದು. ಉಳಿದ ನೀರು ರಸ್ತೆಯ ಮೇಲೆ ಹತ್ತಿ, ಪೈಪಿನ ಎರಡೂ ಪಕ್ಕದ ಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ಪೈಪ್ ಗಟ್ಟಿಯಾಗೇ ಇರುತ್ತದೆ, ರಸ್ತೆ ಇರುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ಅವರವರ ಕೆಲಸವನ್ನೇ ಮಾಡಿದ್ದರು ನೋಡಿ. ಮೂರು ಊರಿನಲ್ಲಿ ಯಾರಿಗೆ ಮೊದಲು ಅನ್ನುವುದು ಓಟು ಪಡೆದು ಬಂದವರ ಮಾತು. ಅದನ್ನು ಇಂಜಿನಿಯರ್ ಹೇಳುವ ಹಾಗಿಲ್ಲ. ಹಳ್ಳದಲ್ಲಿ ನೀರು ಎಷ್ಟು ಅನ್ನುವುದು ಹಳ್ಳದ ಮಾತು. ಅದು ಮತದಾರರ ಪಟ್ಟಿಯಲ್ಲಿಲ್ಲ. ಮಂತ್ರಿಗಳು ಬೇಕಾದರೆ ‘ಇಂಜಿನಿಯರ್ ಅಭಿಪ್ರಾಯ ನೋಡಿದ್ದೇನೆ, ಆದರೂ ಇಂಥ ಕಾರಣಕ್ಕೆ ಪೈಪೇ ಇರಲಿ’ ಅಂತ ಬರೆದು ಸಹಿ ಹಾಕಬಹುದಿತ್ತು. ಅವರಿಗೆ ಆ ಅಧಿಕಾರ ಪೂರ್ತಿ ಇದೆ. ಆಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಪೈಪ್ ಹಾಕಬೇಕು, ಅಷ್ಟೇ.

ಹಾಗೆ ಬರೆದರೆ ಆ ವಾಕ್ಯ ಕಡತದಲ್ಲಿ ಉಳಿಯುತ್ತದೆ. 2005ರಲ್ಲಿ ಮಾಹಿತಿ ಹಕ್ಕು ಬಂದ ಮೇಲೆ ಯಾರು ಬೇಕಾದರೂ ಹತ್ತು ರೂಪಾಯಿ ಕಟ್ಟಿ ಅದನ್ನು ಕೇಳಬಹುದು. ಆದ್ದರಿಂದ ಅವರು ಬರೆದದ್ದು: ‘ಚರ್ಚಿಸಿ’.

ಚರ್ಚೆ ಅಂದರೆ ಏನೆಂದು ತಿಳಿದುಕೊಂಡಿದ್ದೀರಿ? ಸಂಜೆ ಆರೂವರೆಗೆ ಆಪ್ತ ಕಾರ್ಯದರ್ಶಿಯ ಫೋನು. ಇಲಾಖೆ ಕಾರ್ಯದರ್ಶಿಗಳು ಮಂತ್ರಿಗಳ ಕೊಠಡಿಗೆ ಹೋಗುತ್ತಾರೆ. ಕಾಫಿ, ಗೋಡಂಬಿ. ಹನ್ನೆರಡು ನಿಮಿಷಕ್ಕೆ ಹೊರಗೆ ಬರುತ್ತಾರೆ. ಮರುದಿನ ಕಡತ ನಮ್ಮ ಶಾಖೆಗೆ ಇಳಿಯುತ್ತದೆ. ‘ಚರ್ಚಿಸಲಾಗಿದೆ. ಚರ್ಚಿಸಿದಂತೆ ಮರುಮಂಡಿಸಿ’. ಏನು ಚರ್ಚಿಸಿದರು ಅಂತ ಒಂದು ಸಾಲೂ ಇಲ್ಲ. ಅದನ್ನು ಶಾಖಾಧಿಕಾರಿ ನನ್ನ ಕಿವಿಯಲ್ಲಿ ಹೇಳುತ್ತಾರೆ: “ಪೈಪು ಕಣ್ರೀ.”

ಇನ್ನು ನನ್ನ ಕೆಲಸ. ಇಂಜಿನಿಯರ್ ಬರೆದದ್ದನ್ನು ಅಳಿಸುವ ಹಾಗಿಲ್ಲ. ಒಪ್ಪುವ ಹಾಗೂ ಇಲ್ಲ. ಅದಕ್ಕೇ ಕನ್ನಡ ಭಾಷೆ ನಮಗೆ ‘ಆದಾಗ್ಯೂ’ ಅನ್ನುವ ಪದ ಕೊಟ್ಟಿದೆ. ‘ಕ್ಷೇತ್ರ ಇಂಜಿನಿಯರರ ವರದಿಯನ್ನು ಗಮನಿಸಲಾಗಿದೆ. ಆದಾಗ್ಯೂ, ಸಾರ್ವಜನಿಕರ ಬಹುದಿನಗಳ ಬೇಡಿಕೆ ಹಾಗೂ ಅನುದಾನದ ಲಭ್ಯತೆಯನ್ನು ಪರಿಗಣಿಸಿ...’ ಸರ್ಕಾರಿ ಟಿಪ್ಪಣಿ ಓದುವವರಿಗೆ ಒಂದು ಕಿವಿಮಾತು. ‘ಆದಾಗ್ಯೂ’ಗಿಂತ ಮುಂಚೆ ಇರುವುದು ಬಲ್ಲವರು ಹೇಳಿದ್ದು. ಆಮೇಲೆ ಬರುವುದು ಬೇಕಾದವರು ಹೇಳಿದ್ದು. ನಾನು ಕಡತ ಕೈಗೆ ಬಂದರೆ ಮೊದಲು ಆ ಪದ ಎಲ್ಲಿದೆ ಅಂತಲೇ ಹುಡುಕುತ್ತಿದ್ದೆ.

ಇದಕ್ಕೆ ನಿಯಮ ಇಲ್ಲವೇ ಅಂತ ಕೇಳುತ್ತೀರಿ. ಇದೆ ಸ್ವಾಮಿ, ಧಾರಾಳವಾಗಿದೆ. ಐಎಎಸ್‌ನವರ 1968ರ ನಡತೆ ನಿಯಮದಲ್ಲೇ ಇದೆ. ಮೇಲಿನವರ ನಿರ್ದೇಶನ ಸಾಮಾನ್ಯವಾಗಿ ಬರವಣಿಗೆಯಲ್ಲೇ ಇರಬೇಕು. ಬಾಯಿಮಾತಿನಲ್ಲಿ ಹೇಳಲೇಬೇಕಾದರೆ ಕೂಡಲೇ ಬರೆದು ಖಚಿತಪಡಿಸಬೇಕು. ಕೇಳಿಸಿಕೊಂಡ ಅಧಿಕಾರಿಯೂ ಆದಷ್ಟು ಬೇಗ ಬರೆದು ಕೊಡಿ ಅಂತ ಕೇಳಬೇಕು. ಆದರೆ ಅದೇ ನಿಯಮದ ಬಾಲದಲ್ಲಿ ಒಂದು ವಿವರಣೆ ಇದೆ. ಅಗತ್ಯವಿಲ್ಲದ ಕಡೆ ಮೇಲಿನವರ ಸೂಚನೆ ಕೇಳುತ್ತಾ ಜವಾಬ್ದಾರಿಯಿಂದ ಜಾರಿಕೊಳ್ಳಬಾರದು ಅಂತ. ಕೇಳದಿದ್ದರೆ ನಿಯಮ ಮುರಿದ ಹಾಗೆ, ಕೇಳಿದರೆ ಜಾರಿಕೊಂಡ ಹಾಗೆ. ನಮ್ಮ ಕಾರ್ಯದರ್ಶಿಗಳು ಜಾಣರು, ಕಾಫಿ ಕುಡಿದು ಬಂದರು.

2011ರಲ್ಲಿ ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಇತರ 82 ನಿವೃತ್ತ ಅಧಿಕಾರಿಗಳು ಸುಪ್ರೀಂ ಕೋರ್ಟಿಗೇ ಹೋದರು. 2013ರ ಅಕ್ಟೋಬರ್ 31ರಂದು ತೀರ್ಪು ಬಂತು. ಬಾಯಿಮಾತಿನ ಆದೇಶಗಳನ್ನು ಅಧಿಕಾರಿಗಳು ದಾಖಲಿಸಲೇಬೇಕು, ಒಂದು ಹುದ್ದೆಯಲ್ಲಿ ಕನಿಷ್ಠ ಇಷ್ಟು ದಿನ ಅಂತ ಇರಬೇಕು, ವರ್ಗಾವಣೆ ನೋಡಲು ನಾಗರಿಕ ಸೇವಾ ಮಂಡಳಿ ಬೇಕು ಅಂತ ನ್ಯಾಯಾಲಯ ಹೇಳಿತು. ಕೇಸು ಹಾಕಿದವರೆಲ್ಲ ನಿವೃತ್ತರು ಅನ್ನುವುದನ್ನು ಗಮನಿಸಿ. ಸೇವೆಯಲ್ಲಿದ್ದವರು ಬಹುಶಃ ಚರ್ಚೆಯಲ್ಲಿದ್ದರು.

ಮುಂದಿನ ಜನವರಿಯಲ್ಲಿ ಕೇಂದ್ರ ನಿಯಮ ತಿದ್ದಿತು. ಐಎಎಸ್ ಅಧಿಕಾರಿಗೆ ಒಂದು ಹುದ್ದೆಯಲ್ಲಿ ಕನಿಷ್ಠ 2 ವರ್ಷ. ಅದಕ್ಕೂ ಮೊದಲೇ ಎತ್ತಬೇಕಾದರೆ ಮುಖ್ಯ ಕಾರ್ಯದರ್ಶಿ ನೇತೃತ್ವದ ಮಂಡಳಿ ಶಿಫಾರಸು ಮಾಡಬೇಕು. ಮಂಡಳಿ ಬೇಡ ಅಂದರೂ ಸರ್ಕಾರ ಕಾರಣ ಬರೆದು ಎತ್ತಬಹುದು. ಕಾರಣಕ್ಕೇನು ಬರ? ‘ಆಡಳಿತಾತ್ಮಕ ಹಿತದೃಷ್ಟಿಯಿಂದ’ ಅಂತ ಎಷ್ಟು ಸಲ ಟೈಪ್ ಮಾಡಿದ್ದೇನೋ, ಆ ಪದ ನನ್ನ ಬೆರಳಿಗೇ ಬರುತ್ತದೆ, ತಲೆ ಬೇಕಾಗಿಲ್ಲ. ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ 2025ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 34 ವರ್ಷದ ಸೇವೆಯಲ್ಲಿ 57 ವರ್ಗಾವಣೆ ಕಂಡಿದ್ದರು. ಸರಾಸರಿ ಏಳು ತಿಂಗಳಿಗೊಂದು. ಹಾಲಿನವನಿಗೆ ಹೊಸ ಮನೆ ಗೊತ್ತಾಗುವಷ್ಟರಲ್ಲಿ ಮತ್ತೆ ಗಂಟುಮೂಟೆ.

ಸರ್ದಾರ್ ಪಟೇಲರು 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ಇದೇ ವಿಷಯ ಮಾತಾಡಿದ್ದರು. ನನ್ನ ಕಾರ್ಯದರ್ಶಿ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೆಯಬಹುದು, ಆ ಸ್ವಾತಂತ್ರ್ಯ ಕೊಟ್ಟಿದ್ದೇನೆ, ಮಂತ್ರಿಗೆ ಬೇಸರವಾದೀತೆಂದು ಹೆದರಿ ನಿಜ ಹೇಳದಿದ್ದರೆ ನೀವು ಹೋಗಿ, ಬೇರೆ ಕಾರ್ಯದರ್ಶಿಯನ್ನು ತರುತ್ತೇನೆ ಅನ್ನುವುದು ಅವರ ಮಾತಿನ ಸಾರ. ಆ ಕೊನೆಯ ಭಾಗವನ್ನು ನಮ್ಮವರು ಇವತ್ತಿಗೂ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಬೇರೆ ಕಾರ್ಯದರ್ಶಿಯನ್ನು ತರುತ್ತಲೇ ಇದ್ದಾರೆ. ಕಾರಣ ಮಾತ್ರ ತಿರುವುಮುರುವಾಗಿದೆ.

ಮಂತ್ರಿಗಳನ್ನಷ್ಟೇ ಬೈದರೆ ಪಾಪ ಬರುತ್ತದೆ. ಬಾಯಿಮಾತು ಅಧಿಕಾರಿಗೂ ಸುಖವೇ. ಬರೆದುಕೊಡಿ ಅಂತ ಕೇಳಿ ನಿಷ್ಠುರ ಆಗುವುದಕ್ಕಿಂತ ‘ಚರ್ಚಿಸಿದಂತೆ’ ಅಂತ ಬರೆದರೆ ಇಬ್ಬರೂ ಪಾರು. ನಾವು ತಟಸ್ಥರು ಅಂತ ಎದೆ ತಟ್ಟಿಕೊಳ್ಳುವ ಒಬ್ಬರು ನಮ್ಮಲ್ಲಿದ್ದರು. ಅವರ ಟಿಪ್ಪಣಿ ಯಾವಾಗಲೂ ಹೀಗೆ ಮುಗಿಯುತ್ತಿತ್ತು: ‘ಸೇತುವೆ ನಿರ್ಮಿಸಬಹುದು ಅಥವಾ ನಿರ್ಮಿಸದಿರಬಹುದು. ಸೂಕ್ತ ಆದೇಶಕ್ಕೆ ಮಂಡಿಸಿದೆ.’ ಅವರನ್ನು ಯಾವ ಸರ್ಕಾರವೂ ವರ್ಗ ಮಾಡಲಿಲ್ಲ.

ಕಾಗದದ ಕಾಲದಲ್ಲಿ ಇದಕ್ಕೆಲ್ಲ ಹಳದಿ ಚೀಟಿ ಇತ್ತು. ನಿಜವಾದ ಮಾತನ್ನು ಅಂಟುಚೀಟಿಯಲ್ಲಿ ಬರೆದು ಹಚ್ಚುವುದು, ಕೆಲಸ ಆದ ಮೇಲೆ ಕಿತ್ತು ಬಿಸಾಡುವುದು. ಇ-ಆಫೀಸ್ ಬರುತ್ತದೆ, ಇನ್ನು ಕೀಳಲಾಗುವುದಿಲ್ಲ ಅಂತ ತರಬೇತಿಯಲ್ಲಿ ಹೇಳಿದಾಗ ನಮಗೆಲ್ಲ ನಡುಕ. ಹೋಗಿ ನೋಡಿದರೆ ಅದರಲ್ಲಿ ಎರಡು ಬಗೆ ಟಿಪ್ಪಣಿ. ಹಸಿರು ಟಿಪ್ಪಣಿ ಒಮ್ಮೆ ಕಳಿಸಿದರೆ ಶಾಶ್ವತ, ಬದಲಾಯಿಸುವ ಹಾಗಿಲ್ಲ. ಇನ್ನೊಂದು ಕರಡು. ಅದನ್ನು ತಿದ್ದಬಹುದು, ಬೇಡವಾದರೆ ತೆಗೆದುಹಾಕಬಹುದು. ಅದರ ಬಣ್ಣ ಹಳದಿ. ಶಾಖೆಯಲ್ಲಿ ಆವತ್ತು ಎಲ್ಲರಿಗೂ ಕಾಫಿ ನನ್ನ ಲೆಕ್ಕದಲ್ಲಿ.

ಪೈಪ್ ಹಾಕಿದರು. ಮೂರು ಶಂಕುಸ್ಥಾಪನೆ ಆಯಿತು. ಎರಡನೇ ಮಳೆಗಾಲದಲ್ಲಿ ಒಂದು ರಾತ್ರಿ ಹಳ್ಳ ತನ್ನ ಲೆಕ್ಕ ತಾನು ಮಾಡಿತು. ಬೆಳಗ್ಗೆ ನೋಡಿದರೆ ಮೂರೂ ಪೈಪ್ ಇದ್ದಲ್ಲೇ ಇದ್ದವು. ಎರಡೂ ಪಕ್ಕ ರಸ್ತೆ ಇರಲಿಲ್ಲ. ಹೊಂಗೆ ಮರದಲ್ಲಿ ಹೊಸ ಹುಲ್ಲು ಹಳೆಯ ಹುಲ್ಲಿದ್ದ ಕೊಂಬೆಯಲ್ಲೇ ಸಿಕ್ಕಿಕೊಂಡಿತ್ತಂತೆ. ಇಂಜಿನಿಯರ್ ಲೆಕ್ಕ ಅಷ್ಟು ಕರಾರುವಾಕ್ಕು. ಕಳಪೆ ಕಾಮಗಾರಿ ಅಂತ ಅವರನ್ನೇ ಅಮಾನತು ಮಾಡಿದರು.

ವಿಚಾರಣೆ ನಡೆಯಿತು. ವಿಚಾರಣಾಧಿಕಾರಿ ಕಡತ ಓದುತ್ತಾ ಬಂದು ‘ಚರ್ಚಿಸಿದಂತೆ’ ಹತ್ತಿರ ನಿಂತರು. ಯಾರು ಯಾರ ಹತ್ತಿರ ಏನು ಚರ್ಚಿಸಿದರು ಅಂತ ಇಲಾಖೆಗೆ ಪತ್ರ ಬರೆದರು. ಪತ್ರ ನನ್ನ ಟೇಬಲ್ಲಿಗೆ ಬಂತು. ನಾನು ಟಿಪ್ಪಣಿ ಬರೆದೆ: ಸದರಿ ಚರ್ಚೆಯ ವಿವರವನ್ನು ಮಾನ್ಯ ಸಚಿವರಿಂದ ಲಿಖಿತವಾಗಿ ಪಡೆಯುವ ಬಗ್ಗೆ ಆದೇಶಕ್ಕೆ ಮಂಡಿಸಿದೆ. ಕಡತ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಕಾರ್ಯದರ್ಶಿ ದಾಟಿ ಮಂತ್ರಿಗಳ ಹತ್ತಿರ ಹೋಯಿತು. ನಾಲ್ಕನೇ ದಿನ ವಾಪಸು ಬಂತು. ಬಿಚ್ಚಿ ನೋಡಿದೆ.

‘ಚರ್ಚಿಸಿ.’